ಎರಡು ಸಲ ಕೊಂಡ ಫ್ರಿಜ್

ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ನಮ್ಮ ಹೊಸ ಫ್ರಿಜ್ಜಿನ ಹಣ ಎರಡು ಸಲ ಬಿದ್ದಿತ್ತು. ಅದೇ ಮಂಜಲ್‌ಪುರದ ಅಂಗಡಿ, ಅದೇ ಮೊತ್ತ, ಅದೇ ದಿನ. ಕೂತಲ್ಲೇ ಬ್ಯಾಂಕಿಗೆ ಪತ್ರ ಬರೆದೆ: ‘ಎರಡನೆಯ ವ್ಯವಹಾರವನ್ನು ನಾನು ಮಾಡಿಯೇ ಇಲ್ಲ.’

ಬ್ಯಾಂಕು ಮೊದಲು ನನ್ನ ಕಾರ್ಡನ್ನು ಬಂದ್ ಮಾಡಿತು. ಕೆಲವು ವಾರಗಳಾದ ಮೇಲೆ ಉತ್ತರ ಬಂತು. ಎರಡೂ ಸಲ ಕಾರ್ಡನ್ನು ಯಂತ್ರಕ್ಕೆ ಹಾಕಿ ಸರಿಯಾದ ಪಿನ್ ಒತ್ತಲಾಗಿದೆ, ಆದ್ದರಿಂದ ದೂರು ತಿರಸ್ಕೃತ.

ಗಂಡ ಅದನ್ನು ಓದಿ ಕಾಗದ ಮಡಚಿಟ್ಟರು. ‘ಪಿನ್ ಇನ್ಯಾರಿಗೆ ಗೊತ್ತು?’ ಎಂದರು.

ಗೊತ್ತಿದ್ದದ್ದು ನನ್ನ ತಮ್ಮನಿಗೆ. ಯೂನಿವರ್ಸಿಟಿಯಲ್ಲಿ ಓದುತ್ತ ನಮ್ಮ ಮನೆಯಲ್ಲೇ ಇದ್ದ. ಮನೆಯ ದಿನಸಿಯೆಲ್ಲ ನನ್ನ ಕಾರ್ಡಿನಲ್ಲಿ ಅವನೇ ತರುತ್ತಿದ್ದದ್ದು. ಅವನು ಊಟ ಮಾಡುತ್ತಿದ್ದವನು ತಲೆ ಎತ್ತಿ ನನ್ನನ್ನು ನೋಡಿದ, ಗಂಡನನ್ನಲ್ಲ. ಅವನು ಹಾಗೆ ಮಾಡುವವನಲ್ಲ ಎಂದು ನಾನು ಹೇಳಬೇಕಿತ್ತು. ನಾನು ಅನ್ನ ಬಡಿಸಿದೆ. ಆ ವಾರವೇ ಅವನು ಫತೇಗಂಜ್‌ನ ಒಂದು ಹಾಸ್ಟೆಲ್ಲಿಗೆ ಹೋದ. ಕಾಲೇಜು ಹತ್ತಿರವಾಗುತ್ತದೆ ಎಂದ.

ನನಗೆ ಸಿಟ್ಟು ನೆತ್ತಿಗೇರಿತ್ತು. ಬ್ಯಾಂಕಿನ ಶಾಖೆಗೇ ನುಗ್ಗಿದೆ. ಧಾರವಾಡದ ಕಡೆಯಿಂದ ಈ ಗುಜರಾತಿ ಊರಿಗೆ ವರ್ಗವಾಗಿ ಬಂದಿದ್ದ ಅಧಿಕಾರಿಣಿ ನನ್ನ ಪತ್ರವನ್ನು ಪೂರ್ತಿ ಓದಿದರು.

‘ಅಕ್ಕಾರ, ನೀವು ಮಾಡೇ ಇಲ್ಲ ಅಂತ ಬರದೀರಿ. ಹಂಗಂದ್ರ ಕಾರ್ಡ್ ಬ್ಯಾರೆಯವ್ರ ಕೈಗೆ ಹೋಗೇದ ಅಂತ ಅರ್ಥ ಆಗ್ತದ. ಖರೆ ಹೇಳ್ರಿ, ಅಂಗಡ್ಯಾಗ ಪಿನ್ ಎಷ್ಟ ಸಲ ಒತ್ತಿದ್ರಿ?’

‘ಒಂದೇ...’ ಎಂದವಳು ನಿಲ್ಲಿಸಿದೆ.

ಯಂತ್ರದಲ್ಲಿ ಕಾಗದ ಮುಗಿದು ರಸೀದಿ ಬಂದಿರಲಿಲ್ಲ. ಆಗಿಲ್ಲ ಬೆನ್, ಇನ್ನೊಮ್ಮೆ ಹಾಕಿ ಎಂದು ಅಂಗಡಿಯವರು ಹೊಸ ಸುರುಳಿ ಹಾಕಿದ್ದರು. ನಾನು ಮತ್ತೆ ಪಿನ್ ಒತ್ತಿದ್ದೆ. ಬ್ಯಾಂಕಿನಿಂದ ಎರಡು ಮೆಸೇಜ್ ಬಂದಾಗಲೂ ಒಂದೇ ಮೆಸೇಜ್ ಎರಡು ಸಲ ಬಂದಿದೆ ಎಂದುಕೊಂಡಿದ್ದೆ. ಎರಡನೆಯ ಸಲ ಪಿನ್ ಒತ್ತಿದ ಕೈ ಯಾರದೆಂದು ಮನೆಯಲ್ಲಿ ಹುಡುಕುತ್ತಿದ್ದೆವು, ಅದು ನನ್ನದೇ ಆಗಿತ್ತು.

ಅಲ್ಲೇ ಕೂತು ಹೊಸ ಪತ್ರ ಬರೆದೆ: ‘ಒಂದೇ ಖರೀದಿಗೆ ಎರಡು ಸಲ ಹಣ ಕಡಿತವಾಗಿದೆ. ಕೊಂಡದ್ದು ಒಂದೇ ಫ್ರಿಜ್, ಬಿಲ್ಲೂ ಒಂದೇ.’ ಬಿಲ್ಲಿನ ಪ್ರತಿ ಲಗತ್ತಿಸಿದೆ. ಬ್ಯಾಂಕು ಅಂಗಡಿಯವರ ಬ್ಯಾಂಕನ್ನು ಕೇಳಿತು. ಅಂಗಡಿಯವರು ತಮ್ಮ ಲೆಕ್ಕ ನೋಡಿ ಒಪ್ಪಿಕೊಂಡರು. ಹಣ ಹಿಂದಕ್ಕೆ ಬಂತು, ಹೊಸ ಕಾರ್ಡೂ ಬಂತು.

ಗಂಡ ತಮ್ಮನಿಗೆ ಫೋನ್ ಮಾಡಿ ತಪ್ಪಾಯಿತೆಂದರು. ಅವನು ಪರವಾಗಿಲ್ಲ ಭಾವ ಎಂದನಂತೆ. ಆಮೇಲೆ ನಾನು ಮಾತಾಡಿದೆ. ಭಾನುವಾರವೇ ಸಾಮಾನು ತಗೊಂಡು ಬಂದುಬಿಡು ಎಂದೆ.

‘ಊಟಕ್ಕೆ ಬರ್ತೀನಿ ಅಕ್ಕ,’ ಎಂದ. ‘ಹೊಸ ಕಾರ್ಡಿನ ಪಿನ್ ಮಾತ್ರ ನಂಗೆ ಹೇಳ್ಬೇಡ,’ ಎಂದ.