ಎರಡು ಸುಳಿಯ ತಲೆಗೆ ನರೆ

ಸ್ಟುಡಿಯೊದಲ್ಲಿ ಅವಳನ್ನು ಎಲ್ಲರೂ ಜಡೆ ಎಂದೇ ಕರೆಯುತ್ತಿದ್ದರು. ಅವಳಿಗೆ ಉದ್ದ ಜಡೆ ಇತ್ತೆಂದಲ್ಲ. ಕಿವಿಯವರೆಗೆ ಕತ್ತರಿಸಿಕೊಂಡ ಮೊಂಡು ಕೂದಲು ಅವಳದು. ಚಿತ್ರಕಥೆ ಪುಸ್ತಕಗಳನ್ನು ಮಾಡುವ ಆ ಜಾಗದಲ್ಲಿ ಒಬ್ಬ ಮುಖ ಬರೆದರೆ ಇನ್ನೊಬ್ಬ ಬಟ್ಟೆ ಬರೆಯುತ್ತಿದ್ದ, ಕೂದಲು ಮಾತ್ರ ಅವಳ ಪಾಲು. ಹತ್ತು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತು ಊರವರ ತಲೆಯನ್ನೆಲ್ಲ ಬಾಚಿದ್ದಳು. ಬೇರೆ ಯಾವ ಕೆಲಸಕ್ಕೂ ಅವಳಿಗೆ ತಾಳ್ಮೆ ಇರಲಿಲ್ಲ. ಮಾತು ಬೆಂಕಿ, ಕೈ ಅದಕ್ಕಿಂತ ಮುಂದು. ಒಮ್ಮೆ ತನ್ನ ಚಿತ್ರದ ಮೇಲೆ ಕೇಳದೆ ಬ್ರಷ್ ಆಡಿಸಿದ ಬಟ್ಟೆಯವನ ಮೇಲೆ ಕುರ್ಚಿ ಎತ್ತಿ ಎಸೆದಿದ್ದಳು. ಆಮೇಲೆ ಅವನೇ ಅವಳಿಗೆ ಚಹಾ ತಂದುಕೊಟ್ಟ. ಜೀವದ ಆಸೆ ಯಾರಿಗಿಲ್ಲ?

ಆ ಪುಸ್ತಕಗಳ ಖಳನ ಹೆಸರು ಸಲಾಕೆ. ಕಬ್ಬಿಣದ ಸಲಾಕೆಯಿಂದ ತಲೆ ಒಡೆಯುವುದು ಅವನ ಕಸುಬು. ಅವನ ತಲೆಯನ್ನು ಮೊದಲ ಸಂಚಿಕೆಯಿಂದಲೂ ಜಡೆ ಮೇಲಿನಿಂದಲೇ ಬರೆದಿದ್ದಳು: ಕರಿಕೂದಲು, ನೆತ್ತಿಯಲ್ಲಿ ಎರಡು ಸುಳಿ, ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ, ನಡುವೆ ಬಾಚಣಿಗೆಗೆ ಜಗ್ಗದೆ ಎದ್ದು ನಿಂತ ಪುಟ್ಟ ಕುಚ್ಚು, ಅದರ ಪಕ್ಕ ಉಗುರಿನಷ್ಟು ಬೋಳು. ಈ ತಲೆ ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ.

ಅವಳು ಅದನ್ನು ಕಂಡದ್ದು ಅಟ್ಟದ ಮೇಲಿಂದ, ಚಿಕ್ಕ ಹುಡುಗಿಯಾಗಿದ್ದಾಗ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬ ಹಿತ್ತಿಲ ಬಾಗಿಲಿಂದ ಬಂದು, ಅಪ್ಪನ ಜುಟ್ಟು ಹಿಡಿದು ನೆಲಕ್ಕೆ ಕೆಡವಿ, ಸಲಾಕೆಯಿಂದ ಹೊಡೆದ. ಅಪ್ಪ ಏಳಲು ನೋಡಿದ, ಬಂದವನು ಮತ್ತೆ ಹೊಡೆದ. ಗೋಡೆಗೆ ರಕ್ತ ಚಿಮ್ಮಿತು. ಅವಳಿಗೆ ಕಂಡದ್ದು ಹೊಡೆಯುವವನ ನೆತ್ತಿ ಮಾತ್ರ. ಎರಡು ಸುಳಿ ಎಂದು ಪೊಲೀಸರಿಗೆ ಹೇಳಿದಳು. ಊರಲ್ಲಿ ಅರ್ಧ ಜನರಿಗೆ ಎರಡು ಸುಳಿ ಇರುತ್ತದೆ ಮಗೂ ಎಂದು ಅವರು ನಕ್ಕರು. ಆ ನಗು ಅವಳ ಹೊಟ್ಟೆಯಲ್ಲಿ ಕೆಂಡದ ಹಾಗೆ ಉಳಿಯಿತು. ಹೊಡೆದವನು ಸಿಕ್ಕರೆ ಅವನನ್ನು ಅದೇ ರೀತಿ ಜುಟ್ಟು ಹಿಡಿದು ಕೆಡವಬೇಕು. ಅವಳು ಬದುಕಿದ್ದೇ ಅದಕ್ಕೆ ಎಂದರೂ ತಪ್ಪಿಲ್ಲ.

ಅಪ್ಪ ಹೋದ ಮೇಲೆ ಮನೆ ನಡೆಸಿದವನು ಅಪ್ಪನ ತಮ್ಮ. ಚಿಕ್ಕಪ್ಪ ಎತ್ತರದ ಆಳು, ಮಾತು ಕಡಿಮೆ. ಹೊರಗೆ ಟೋಪಿ, ಒಳಗೆ ಎಣ್ಣೆ ಹಾಕಿ ಒತ್ತಿ ಬಾಚಿದ ಕೂದಲು. ತಲೆ ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ, ಅಮ್ಮನೊಬ್ಬಳನ್ನು ಬಿಟ್ಟು. ಅಮ್ಮ ಆಗಾಗ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅವನ ಕೂದಲಿಗೆ ಕಂದು ಬಣ್ಣ ಹಚ್ಚುತ್ತಿದ್ದಳು. ಮುದುಕನಿಗೆ ಶೋಕಿ ನೋಡು ಎಂದು ಜಡೆ ಗೇಲಿ ಮಾಡಿದರೆ ಇಬ್ಬರೂ ನಗುತ್ತಿರಲಿಲ್ಲ.

ಈಗ ಪುಸ್ತಕದ ಕೊನೆಯ ಸಂಚಿಕೆ. ಸಲಾಕೆ ಕೂದಲಿಗೆ ಬಣ್ಣ ಹಚ್ಚಿ ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದು, ಈಗ ಬಣ್ಣ ಬಿಟ್ಟುಹೋಗುತ್ತಿರುವಾಗ ಸಿಕ್ಕಿಬೀಳುತ್ತಾನೆ. ಮುಖಪುಟಕ್ಕೆ ಅವನ ದೊಡ್ಡ ಚಿತ್ರ ಬೇಕಿತ್ತು. ಸ್ಟುಡಿಯೊದ ಯಜಮಾನ ಹೇಳಿದ್ದು ಇಷ್ಟೇ: ಬುಡ ಕಪ್ಪಾಗಿರಲಿ, ನರೆ ಸಹಜವಾಗಿರಲಿ, ಬೂದಿ ಚೆಲ್ಲಿದ ಹಾಗೆ ಕಾಣಬಾರದು.

ಸಹಜವಾಗಿ ಕಾಣಿಸಲು ನಿಜವಾದ ತಲೆಯೊಂದು ಬೇಕು. ಚಿಕ್ಕಪ್ಪ ಜ್ವರ ಹಿಡಿದು ಎರಡು ತಿಂಗಳಿಂದ ಮಲಗಿದ್ದ, ತಲೆ ಬಣ್ಣ ಕಂಡಿರಲಿಲ್ಲ. ಅವನು ಗೋಡೆಗೆ ತಿರುಗಿ ನಿದ್ದೆ ಹೋಗಿದ್ದಾಗ ಜಡೆ ತಲೆದಿಂಬಿನ ಬಳಿ ನಿಂತು, ಮಬ್ಬು ಬೆಳಕಿನಲ್ಲೇ ಫೋನಿನಿಂದ ಒಂದು ಫೋಟೊ ತೆಗೆದುಕೊಂಡಳು. ಕದ್ದು ತೆಗೆದದ್ದಕ್ಕೆ ಮನಸ್ಸಿನಲ್ಲೇ ನಕ್ಕಳು.

ಮರುದಿನ ಫೋಟೊದಲ್ಲಿ ಕೂದಲಿನ ಬುಡವನ್ನಷ್ಟೇ ದೊಡ್ಡದು ಮಾಡಿ ಪರದೆಯ ಮೂಲೆಗಿಟ್ಟುಕೊಂಡು ಕೆಲಸಕ್ಕೆ ಕೂತಳು. ಮೊದಲು ಕೂದಲಿಗೆಲ್ಲ ಮಾಸಲು ಕಂದು. ಅದರ ಮೇಲೆ ಬೇರೊಂದು ಪದರ, ಬುಡಕ್ಕೆ ಕಪ್ಪು. ಗೆರೆ ಎಳೆದ ಹಾಗೆ ನಿಲ್ಲಿಸಿದರೆ ಟೋಪಿಯಂತೆ ಕಾಣುತ್ತದೆ; ಹಾಗಾಗಿ ಸುಳಿ ತಿರುಗುವ ದಿಕ್ಕಿಗೇ ಬ್ರಷ್ ಎಳೆದು, ಅಂಚನ್ನು ಹಲ್ಲುಹಲ್ಲಾಗಿ ಬಿಟ್ಟಳು. ನರೆಗೆ ಮತ್ತೊಂದು ಪದರ. ಹೊಸಬರು ಇಲ್ಲೇ ಎಡವುವುದು, ಬಿಳಿ ಎಳೆಯನ್ನು ಬುಡದಿಂದ ತುದಿಯವರೆಗೆ ಎಳೆದುಬಿಡುತ್ತಾರೆ. ಬಣ್ಣ ಕಂಡ ತಲೆಯಲ್ಲಿ ಹಾಗಿರುವುದಿಲ್ಲ. ನರೆಗೂದಲು ಚರ್ಮದ ಬಳಿ ಬೆಳ್ಳಿ, ಹಳೆಯ ಬಣ್ಣ ಶುರುವಾಗುವಲ್ಲಿಂದ ತಾಮ್ರ. ಅವಳು ಬಿಳಿ ಬಳಸಲೇ ಇಲ್ಲ, ಬೂದು ಬಳಸಿದಳು, ಬೆಳಕು ಬೀಳುವಲ್ಲಿ ಮಾತ್ರ ಹೊಳಪು ಕೊಟ್ಟಳು. ಕಿವಿಗಳ ಮೇಲೆ ಒತ್ತಾಗಿ, ನೆತ್ತಿಯಲ್ಲಿ ವಿರಳವಾಗಿ, ಒಂದೆರಡು ಎಳೆ ಸಿಡುಕಿನಿಂದ ಎದ್ದು ನಿಂತ ಹಾಗೆ.

ಮುಗಿಸಿ, ತಾಳೆ ನೋಡಲು ಫೋಟೊವನ್ನು ಪೂರ್ತಿ ತೆರೆದು ಚಿತ್ರದ ಪಕ್ಕಕ್ಕೆ ತಂದಳು. ಎರಡೂ ಒಂದೇ ತಲೆ. ಎರಡು ಸುಳಿ, ನಡುವಿನ ಕುಚ್ಚು, ಪಕ್ಕದಲ್ಲಿ ಉಗುರಿನಷ್ಟು ಬೋಳು. ಫೋಟೊ ನೋಡಿ ತಾನೇ ಹಾಗೆ ಬರೆದೆನೇನೋ ಎಂದು ಒಂದು ಕ್ಷಣ ಆಸೆಪಟ್ಟಳು. ಹಳೆಯ ಸಂಚಿಕೆಯೊಂದರ ಚಿತ್ರ ತೆರೆದಳು. ಅಲ್ಲೂ ಅದೇ. ಅವಳ ಮೈ ಉರಿಯಿತು. ಮೇಜಿನ ಮೇಲಿದ್ದ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಮನೆಯಲ್ಲಿ ಚಿಕ್ಕಪ್ಪ ಹಾಸಿಗೆಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದ. ಅವಳು ಆ ಕುಚ್ಚಿಗೇ ಕೈ ಹಾಕಿ ಅವನನ್ನು ಮಂಚದಿಂದ ಎಳೆದು ಕೆಡವಿದಳು. ಬಟ್ಟಲು ಉರುಳಿತು. ಅವನ ಎದೆಯ ಮೇಲೆ ಮಂಡಿಯೂರಿ ಮುಖಕ್ಕೆ ಗುದ್ದಿದಳು, ಮೂಗಿನಿಂದ ರಕ್ತ ಬಂತು. ಅವನು ಕೈ ಎತ್ತಲಿಲ್ಲ. ಅದು ಅವಳಿಗೆ ಇನ್ನಷ್ಟು ಸಿಟ್ಟು ತಂದಿತು.

"ನೀನೇ ಅಲ್ವಾ?" ಎಂದಳು.

ಅವನು ಹೂಂ ಎಂದ.

ಅವಳು ಕತ್ತರಿ ಎತ್ತಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ಓಡಿ ಬಂದ ಅಮ್ಮ ನಡುವೆ ಕೈ ಒಡ್ಡಿದಳು. ಕತ್ತರಿ ಅಮ್ಮನ ಅಂಗೈಯನ್ನು ಉದ್ದಕ್ಕೆ ಸೀಳಿತು. ಅಮ್ಮ ಆ ಕೈಯಲ್ಲೇ ಅಲಗನ್ನು ಬಿಗಿಯಾಗಿ ಹಿಡಿದಳು, ರಕ್ತ ಮೊಣಕೈವರೆಗೆ ಇಳಿಯಿತು.

"ಬಿಡಮ್ಮ, ಇವನು ಅಪ್ಪನ್ನ ಕೊಂದವನು."

"ಗೊತ್ತು ಕಣೇ. ಕರೆಸಿದ್ದೇ ನಾನು. ಅವತ್ತು ಬೆಳಗ್ಗೆ ನಿಮ್ಮಪ್ಪ ನನ್ನ ಕುತ್ತಿಗೆ ಹಿಸುಕಿದ್ದರು, ರಾತ್ರಿಗೆ ಮುಗಿಸ್ತೀನಿ ಅಂದಿದ್ದರು. ಇವನ ಮುಖಕ್ಕೆ ಬಟ್ಟೆ ಕಟ್ಟಿದ್ದೂ ನಾನೇ. ನೀನು ಅಟ್ಟದಲ್ಲಿದ್ದೀಯ ಅಂತ ಗೊತ್ತಿರಲಿಲ್ಲ. ಆಮೇಲೆ ಸುಳಿ ಸುಳಿ ಅಂತ ಅಳೋಕೆ ಶುರು ಮಾಡಿದೆಯಲ್ಲ, ಅದಕ್ಕೇ ಇವನ ಕೂದಲು ಒತ್ತಿ ಬಾಚಿಸಿ ನಾನು ಬಣ್ಣ ಹಚ್ಚೋಕೆ ಶುರು ಮಾಡಿದೆ."

ಅಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದುದು ಅವಳಿಗೆ ನೆನಪಿತ್ತು. ಅಮ್ಮ ವರ್ಷವಿಡೀ ಕುತ್ತಿಗೆಗೆ ಸೆರಗು ಸುತ್ತಿಕೊಳ್ಳುತ್ತಿದ್ದುದೂ ನೆನಪಿತ್ತು. ಎರಡನ್ನೂ ಯಾವತ್ತೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಈಗ ಯಾರನ್ನು ಹೊಡೆಯುವುದು? ಇಷ್ಟು ವರ್ಷ ಸಾಕಿದ ಸಿಟ್ಟಿಗೆ ಹೋಗಲು ಜಾಗವೇ ಇರಲಿಲ್ಲ. ಕತ್ತರಿ ಬಿಟ್ಟಳು. ಇನ್ನೊಂದು ಕೈ ಮಾತ್ರ ಚಿಕ್ಕಪ್ಪನ ಜುಟ್ಟನ್ನು ಬಿಡಲಿಲ್ಲ, ಬೆರಳುಗಳು ಮರಗಟ್ಟಿದ್ದವು. ಅಮ್ಮ ತನ್ನ ಸೀಳಿದ ಕೈಯಿಂದಲೇ ಒಂದೊಂದಾಗಿ ಅವನ್ನು ಬಿಡಿಸತೊಡಗಿದಳು.