ಅಣ್ಣನ ದೊಡ್ಡಕ್ಷರ

ಮಣಿಪಾಲದ ಪ್ರಕಾಶನವೊಂದರಲ್ಲಿ, ಮೀನುಗಾರಿಕೆಯ ಬಗ್ಗೆ ಹಲವರು ಬರೆದ ಇಂಗ್ಲಿಷ್ ಪುಸ್ತಕವನ್ನು ನಾನು ತಿದ್ದುತ್ತಿದ್ದೆ. ಹೈಫನ್, ದೊಡ್ಡಕ್ಷರ, ಅಂಕಿಗಳಿಗೆ ಇಡೀ ಪುಸ್ತಕದಲ್ಲಿ ಒಂದೇ ನಿಯಮ ಬೇಕಿತ್ತು. ಹೆಚ್ಚಿನವರು ಬಳಸಿದ್ದನ್ನೇ ಆರಿಸಿದೆ. ಹತ್ತರಿಂದ ಮೇಲಿನ ಸಂಖ್ಯೆಗಳು ಅಂಕಿಯಲ್ಲಿ, ಕಡಲು ಎಂಬರ್ಥದ 'ಸೀ' ಪದದ ಮೊದಲಕ್ಷರ ಸಣ್ಣದು.

ಕಾಪುವಿನ ನನ್ನ ಅಣ್ಣ ಮಾತ್ರ ತನ್ನ ಲೇಖನದಲ್ಲಿ ಕಡಲನ್ನು ದೇವರ ಹೆಸರಿನಂತೆ ದೊಡ್ಡಕ್ಷರದಲ್ಲಿ ಬರೆದಿದ್ದ. ಅವನು ತೀರಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ.

"ಅವರದ್ದು ಹಾಗೇ ಇರಲಿ ಮಾರಾಯ್ರೆ," ಎಂದರು ಪಕ್ಕದ ಮೇಜಿನವರು.

"ಒಂದು ಪುಸ್ತಕಕ್ಕೆ ಎರಡು ನಿಯಮ ಉಂಟಾ?" ಎಂದೆ.

ತಿದ್ದಿದ್ದಕ್ಕೆ ಲೇಖಕರ ಒಪ್ಪಿಗೆ ಕೇಳುವುದು ನಮ್ಮ ಪದ್ಧತಿ, ಅವರಿಲ್ಲದಿದ್ದರೆ ಮನೆಯವರದ್ದು. ಅವನ ಮನೆಯವರೆಂದು ಉಳಿದಿದ್ದವಳು ತಂಗಿ ನಾನೊಬ್ಬಳೇ. ನನಗೇ ಪ್ರಶ್ನೆ ಬರೆದು, ಒಪ್ಪಿಗೆ ಎಂದು ನಾನೇ ಉತ್ತರಿಸಿದೆ. ಆಮೇಲೆ ಓದಿದರೆ, ಆ ಪುಟಗಳನ್ನು ಅಣ್ಣನೇ ಅಂತಲ್ಲ, ಯಾರು ಬೇಕಾದರೂ ಬರೆದಿರಬಹುದು ಅನ್ನಿಸಿತು.