ಒಂದು ಕೆಲಸಕ್ಕೆ ಎರಡು ಕಾಗದ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ವಾರದ ನನ್ನ ಡೈರಿಯಲ್ಲಿ ಇರುವುದು ಒಂದೇ ಸಾಲು: ‘ಹನ್ನೊಂದು ದಿನ!’ ಉಳಿದದ್ದೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ನನ್ನ ನೆನಪು ದೊಡ್ಡಪ್ಪನನ್ನು ಪ್ರತಿ ಸಲವೂ ಸ್ವಲ್ಪ ಹೆಚ್ಚು ಜೋರಾಗಿ ಮಾತಾಡಿಸುತ್ತದೆ.

ಸಿ.ಎ. ಫೈನಲ್ ಪಾಸಾದ ಸುದ್ದಿ ಜುಲೈನಲ್ಲಿ ಬಂತು. ನಂಜನಗೂಡಿನ ಆಡಿಟರೊಬ್ಬರ ಬಳಿ ತರಬೇತಿಯಾಗಿ ಮಾಡುತ್ತಿದ್ದ ಮೂರು ವರ್ಷದ ಆರ್ಟಿಕಲ್‌ಶಿಪ್ ಆ ತಿಂಗಳ ಕೊನೆಗೆ ಮುಗಿಯಬೇಕಿತ್ತು. ಮೈಸೂರಿನ ಒಂದು ಕಂಪನಿ ಸಂದರ್ಶನ ಮಾಡಿತು. ಅಲ್ಲಿ ನೇಮಕಾತಿ ನೋಡುತ್ತಿದ್ದ ಅಧಿಕಾರಿ ಈಮೇಲ್ ಬರೆದರು: ‘ಆಗಸ್ಟ್ ಒಂದಕ್ಕೆ ಸೇರುವಿರಾದರೆ ಕೆಲಸ ನಿಮ್ಮದು. ಆಗದಿದ್ದರೆ ಪಟ್ಟಿಯಲ್ಲಿ ಎರಡನೆಯವರನ್ನು ಕರೆಯುತ್ತೇವೆ.’ ಬಸ್‌ಸ್ಟ್ಯಾಂಡಿನ ಪಕ್ಕದ ಸೈಬರ್ ಸೆಂಟರಿನಲ್ಲಿ ಕೂತು, ಯಾರನ್ನೂ ಕೇಳದೆ, ‘ಖಂಡಿತ ಬರುತ್ತೇನೆ’ ಎಂದು ಕಳಿಸಿಬಿಟ್ಟೆ.

ಮರುದಿನ ನಮ್ಮ ಆಡಿಟರ್ ಸರ್ ನನ್ನ ರಜೆ ಅರ್ಜಿಗಳ ಫೈಲು ತೆಗೆದರು. ಕೆಲಸ ಮಾಡಿದ ಅವಧಿಯ ಏಳನೇ ಒಂದು ಭಾಗದಷ್ಟು ಮಾತ್ರ ರಜೆ ಹಾಕಬಹುದು. ಅದಕ್ಕಿಂತ ಹೆಚ್ಚು ಹಾಕಿದ್ದರೆ ಅಷ್ಟೂ ದಿನ ಕೊನೆಯಲ್ಲಿ ದುಡಿದು ತುಂಬಬೇಕು. ಪರೀಕ್ಷೆಗೆ ಓದಲು ಹಾಕಿದ ರಜೆಯೇ ಅದರಲ್ಲಿ ಬಹುಪಾಲು ತಿಂದಿತ್ತು.

“ಏನಮ್ಮಾ, ಹೆಮ್ಮಿಗೆಯ ಈ ಸೋದರತ್ತೆ ಮಗಳಿಗೆ ಎರಡು ಸಲ ಮದುವೆ ಆಯ್ತಾ?”

“ಇಲ್ಲ ಸರ್. ಎರಡನೇದು ಹದಿನಾರು ಅನ್ನೋ ಊರಲ್ಲಿ ಗೃಹಪ್ರವೇಶ. ದೊಡ್ಡಪ್ಪ ಹಳೇ ಅರ್ಜಿಯನ್ನೇ ನೋಡಿ ಬರೆದಿದ್ರು.”

“ಚೆನ್ನಾಗಿದೆ. ಹನ್ನೊಂದು ದಿನ ಜಾಸ್ತಿ ಆಗಿದೆ. ಆಗಸ್ಟ್ ಹನ್ನೊಂದಕ್ಕೆ ಮುಗಿಯುತ್ತೆ. ಅಲ್ಲಿವರೆಗೂ ತರಬೇತಿ ಸರ್ಟಿಫಿಕೇಟಿಗೆ ಸಹಿ ಹಾಕಲ್ಲ, ತಿಳೀತಾ?”

ದೊಡ್ಡಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಮ್ಮ ಮನೆಯಲ್ಲಿ ಯಾವ ಅರ್ಜಿಯಾದರೂ ಅವರ ಕೈಯಿಂದಲೇ ಹೊರಡಬೇಕು. ನಾವು ಸಹಿ ಹಾಕಿದರೆ ಮುಗಿಯಿತು. ಆ ಸಂಜೆ ನಾನು ಅಳುಮೋರೆ ಹಾಕಿಕೊಂಡು ವಿಷಯ ಹೇಳಿದಾಗ ಅವರು ಬೆರಳಲ್ಲಿ ಲೆಕ್ಕ ಹಾಕಿ ಖುಷಿಯಾದರು.

“ಅಲ್ಲಾ ಕೂಸೆ, ಒಂದ್ನೇ ತಾರೀಕು ಆಸಾಡ ಕನಾ! ಆಸಾಡದಲ್ಲಿ ಯಾರಾದ್ರೂ ಕೆಲ್ಸಕ್ ಸೇರ್ತಾರಾ? ಆಸಾಡ ಕಳ್ಯಕೆ ದೇವ್ರೇ ಹನ್ನೊಂದ್ ದಿನ ಕೊಟ್ಟವ್ನೆ.”

“ದೇವ್ರಲ್ಲ ದೊಡ್ಡಪ್ಪ, ನೀವು. ಒಂದು ನಾಮಕರಣನಾದ್ರೂ ತಪ್ಪಿಸೋಕೆ ಬಿಟ್ರಾ?”

“ದೇವನೂರ್ದಾ? ಅದ್ರಲ್ಲಿ ಎರಡ್ ಸಲ ಪಾಯ್ಸ ಹಾಕುಸ್ಕೊಂಡೋಳು ಯಾರು?” ಎಂದವರೇ ಪೆನ್ನು ತೆಗೆದರು. “ರಜಾ ಇಚಾರ ಬರೀಬ್ಯಾಡ. ಮೈಗಳ್ಳಿ ಅಂದ್ಕೋತಾರೆ. ಆಸಾಡ ಅಂತ ಬರಿ. ಆಸಾಡ ಅಂದ್ರೆ ಯಾವ್ ಸಾಹೇಬ್ನೂ ಎದುರ್ ಮಾತಾಡಕಿಲ್ಲ.”

“ಕಂಪನಿಗೆ ಆಷಾಢ ಇಲ್ಲ ದೊಡ್ಡಪ್ಪ.”

“ಆ ಸಾಹೇಬ್ನ ಎಂಡ್ತಿಗ್ ಇರ್ತದಲ್ಲಾ?”

ನಾನು ಒಪ್ಪಲಿಲ್ಲ. ಮರುದಿನ ಸೈಬರ್ ಸೆಂಟರಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ: ರಜೆ ಹೆಚ್ಚಾಗಿದೆ, ಲೆಕ್ಕ ನೋಡದೆ ತಾರೀಕು ಕೊಟ್ಟದ್ದು ನನ್ನ ತಪ್ಪು, ಆಗಸ್ಟ್ ಹನ್ನೊಂದಕ್ಕೆ ಆರ್ಟಿಕಲ್‌ಶಿಪ್ ಮುಗಿಯುತ್ತದೆ, ದಯವಿಟ್ಟು ಕಾಯಬಹುದೇ. ಪ್ರಾಮಾಣಿಕತೆಯಿಂದ ಬರೆದೆ ಎಂದು ಈಗ ಹೇಳಿಕೊಳ್ಳುತ್ತೇನೆ. ಸರ್ಟಿಫಿಕೇಟಿನಲ್ಲಿ ತಾರೀಕು ಹೇಗೂ ಕಾಣುತ್ತದೆ ಎಂಬ ಹೆದರಿಕೆಯೂ ಇದ್ದಿರಬೇಕು.

ಮೂರು ದಿನ ಉತ್ತರವಿಲ್ಲ. ಎರಡನೆಯವರು ಯಾರಿರಬಹುದು ಎಂದು ಯೋಚಿಸುತ್ತ, ನಾನು ಯಾವುದೋ ರೈಸ್‌ಮಿಲ್ಲಿನ ವೋಚರುಗಳಿಗೆ ತಲೆಕೆಳಗಾಗಿ ಟಿಕ್ ಹಾಕಿದೆ. ನಾಲ್ಕನೇ ದಿನ ಆಫೀಸಿಗೆ ಫೋನ್ ಬಂತು. ಆ ಅಧಿಕಾರಿಯೇ.

“ನಿಮ್ಮ ಎರಡೂ ಕಾಗದ ತಲುಪಿದೆ.”

“ನಾನು ಒಂದೇ ಕಳಿಸಿದ್ದು ಸರ್.”

“ಇನ್ನೊಂದು ರಿಜಿಸ್ಟರ್ಡ್ ಪೋಸ್ಟಲ್ಲಿ ಬಂದಿದೆ. ನಾಲ್ಕು ಪುಟ. ವಿಷಯ, ಉಲ್ಲೇಖ ಎಲ್ಲಾ ಇದೆ. ಕೆಳಗೆ ನಿಮ್ಮ ದೊಡ್ಡಪ್ಪ ಅಂತ ಸಹಿ.”

ಕೆಲಸ ಹೋಯಿತು ಎಂದುಕೊಂಡೆ. ಆ ಕಡೆ ಯಾರೋ ನಗುವುದನ್ನು ತಡೆದುಕೊಳ್ಳುತ್ತಿದ್ದ ಸದ್ದು. ಅದು ಅವರೇ ಇರಬಹುದು, ಪಕ್ಕದವರೂ ಇರಬಹುದು.

“ನೀವು ಬರೆದ ಕಾರಣ ನಮ್ಮ ಫೈಲಿಗೆ ಸಾಕು. ಆದ್ರೆ ಕಾಯೋಣ ಅಂತ ನಮ್ಮ ಮ್ಯಾನೇಜರು ಒಪ್ಪಿದ್ದು ಅವರ ಕಾಗದ ಓದಿ. ಹದಿಮೂರಕ್ಕೆ ಬನ್ನಿ, ಸರ್ಟಿಫಿಕೇಟ್ ತನ್ನಿ. ನಿಮ್ಮ ದೊಡ್ಡಪ್ಪ ಕೇಳಿಕೊಂಡ ಹಾಗೆಯೇ ಆಗುತ್ತೆ ಅಂತ ಹೇಳಿಬಿಡಿ.”

ಏನು ಕೇಳಿಕೊಂಡಿದ್ದರು ಎಂದು ವಿಚಾರಿಸುವಷ್ಟರಲ್ಲಿ ಫೋನ್ ಇಟ್ಟಿದ್ದರು. ಹದಿಮೂರಕ್ಕೆ ಸೇರಿದೆ. ಮ್ಯಾನೇಜರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಓ, ಇವರೇನಾ,” ಎಂದಷ್ಟೇ ಅಂದರು. ಆ ಕಾಗದ ಯಾವ ಫೈಲಿನಲ್ಲೂ ನನಗೆ ಸಿಗಲಿಲ್ಲ; ಎರಡು ವರ್ಷ ಹುಡುಕಿದ್ದೇನೆ.

ದೊಡ್ಡಪ್ಪನಿಗೆ ಈಗ ಕಿವಿ ಮಂದ, ತಮಗೆ ಬೇಡದ ಮಾತಿಗೆ ಇನ್ನೂ ಸ್ವಲ್ಪ ಹೆಚ್ಚು ಮಂದ. ಹೋದ ವಾರ ಅವರ ಪಕ್ಕ ಕೂತು, ಕೂಗಿಯೇ ಕೇಳಿದೆ: “ದೊಡ್ಡಪ್ಪಾ, ಆಷಾಢಕ್ಕೆ ಒಂದು ಸಾಲು ಸಾಕಿತ್ತಲ್ಲ, ಆ ನಾಲ್ಕು ಪುಟದಲ್ಲಿ ನನ್ನ ಬಗ್ಗೆ ಏನ್ ಬರೆದಿದ್ರಿ?”